ಕಸದಲ್ಲಿ ಅಡಗಿದ್ದ ಜ್ವರ

ನನ್ನ ಮೊಮ್ಮಗಳು ಅಳುವುದನ್ನು ನೀವು ಒಂದು ಸಲ ಕೇಳಬೇಕು. ತೊಟ್ಟಿಲಲ್ಲಿ ಮಲಗಿದ್ದವಳು ಬಾಯಿ ತೆರೆದಳೆಂದರೆ ತೆಂಗಿನ ತೋಟದ ಆ ಕೊನೆಯಲ್ಲಿ ಮೋಟಾರು ಹಾಕುತ್ತಿರುವ ಅವಳ ತಾತನಿಗೂ ಕೇಳಿಸುತ್ತದೆ. "ಯಾರ್ರೀ ನೆಲಮಂಗಲ, ನೆಲಮಂಗಲ ಅಂತ ಕೂಗೋ ಕಂಡಕ್ಟರ್ ಆಗ್ತಾಳೆ ಕಣೇ ಇವ್ಳು!" ಎಂದು ಅವರು ಅಲ್ಲಿಂದಲೇ ಕೂಗುತ್ತಾರೆ. ಕೂಗುವುದು ಯಾರ ಕಡೆಯಿಂದ ಬಂತು ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವುದೆಂದರೆ ನನಗೆ ಸೊಪ್ಪು ಬಿಡಿಸಿದಷ್ಟು ಸಲೀಸಲ್ಲ. ಆದರೂ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ, ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲುತ್ತಿದೆ. ಇಷ್ಟು ಜೋರಾಗಿ ಅಳುವ ಈ ಕೂಸು ಹುಟ್ಟಿದಾಗ ಅತ್ತಿದ್ದು ಬೆಕ್ಕಿನ ಮರಿ ಮಿಯಾವ್ ಅಂದಷ್ಟು. ಉಳಿಯುತ್ತಾಳೋ ಇಲ್ಲವೋ ಎಂದು ನಾವು ಉಸಿರು ಬಿಗಿಹಿಡಿದು ಕೂತಿದ್ದೆವು. ಅದಕ್ಕೆಲ್ಲ ಕಾರಣ ಕಸ. ಯಾವ ಕಸ ಎಂದು ಈಗಲೇ ಹೇಳಿಬಿಟ್ಟರೆ ನಮ್ಮ ಯಜಮಾನರ ಕತೆ ಕೆಟ್ಟುಹೋಗುತ್ತದೆ. ಸ್ವಲ್ಪ ತಡೆಯಿರಿ.

ನಮ್ಮದು ತ್ಯಾಮಗೊಂಡ್ಲು ಕಡೆಯ ಹಳ್ಳಿ. ಇರುವವಳು ಒಬ್ಬಳೇ ಮಗಳು. ಅಳಿಯ ರಸ್ತೆ ಮಾಡುವ ಕಂಪನಿಯಲ್ಲಿ ಮಣ್ಣು ಅಗೆಯುವ ಯಂತ್ರ ಓಡಿಸುತ್ತಾನೆ. ಮದುವೆಯಾದ ಮೇಲೆ ಒಡಿಶಾದ ಬೆಟ್ಟಗಾಡಿನಲ್ಲಿ ಕೆಲಸ ಬಂತು, ಮಗಳೂ ಜೊತೆಗೆ ಹೋದಳು. ಸುತ್ತ ಕಾಡು, ತಗಡಿನ ಛಾವಣಿಯ ಮನೆ, ಹಿಂದೆಯೇ ಹಳ್ಳ. ಎರಡು ವರ್ಷಕ್ಕೂ ಮೇಲೆ ಅಲ್ಲೇ ಇದ್ದರು. ಫೋನಿನಲ್ಲಿ "ಜ್ವರ ಬಂದಿತ್ತು ಅಮ್ಮ, ಹೋಯ್ತು" ಅನ್ನುವಳು. ಬಸುರಿಯಾದ ಮೇಲೂ ಎರಡು ಸಲ ಹಾಗೇ ಅಂದಳು. ಅಂಗಡಿಯಲ್ಲಿ ಮಾತ್ರೆ ತಂದು ನುಂಗಿದಳಂತೆ, ಜ್ವರ ಬಿಡುತ್ತಲೇ ಉಳಿದ ಮಾತ್ರೆ ಡಬ್ಬಿಯಲ್ಲೇ ಉಳಿಯಿತಂತೆ. ನಮಗೂ ಅದು ದೊಡ್ಡದೆನಿಸಲಿಲ್ಲ. ಜ್ವರ ಯಾರಿಗೆ ಬರುವುದಿಲ್ಲ?

ಏಳನೇ ತಿಂಗಳಲ್ಲಿ ಬಾಣಂತನಕ್ಕೆ ಕರೆದುಕೊಂಡು ಬಂದೆವು. ರೈಲಿನಿಂದ ಇಳಿದವಳನ್ನು ನೋಡಿ ಓಡಿಹೋಗಿ ಗಲ್ಲ ಹಿಡಿದೆ. ಮುಖ ಸುಣ್ಣ ಬಳಿದ ಗೋಡೆ. ರೆಪ್ಪೆ ಎಳೆದು ನೋಡಿದರೆ ಒಳಗೂ ಬಿಳಿ. ಹೊಟ್ಟೆಯೋ, ಏಳು ತಿಂಗಳ ಹೊಟ್ಟೆ ಎಂದು ಹೇಳಿದರೆ ಯಾರೂ ನಂಬುವ ಹಾಗಿರಲಿಲ್ಲ.

"ನಮ್ ವಂಶದಲ್ಲಿ ಹೆಂಗಸ್ರಿಗೆ ಹೊಟ್ಟೆ ಕಾಣಲ್ಲ ಕಣೇ. ನಮ್ಮವ್ವ ಹೆರೋ ದಿನದವರ್ಗೂ ರಾಗಿ ಕುಯ್ತಿದ್ಳು, ಅಕ್ಕಪಕ್ಕದೋರಿಗೆ ಗೊತ್ತೇ ಆಗಿರ್ಲಿಲ್ಲ" ಎಂದರು ಯಜಮಾನರು.

"ನಿಮ್ ವಂಶದ ಹೊಟ್ಟೆ ಎಲ್ಲಾ ಗಂಡಸ್ರಿಗೇ ಬಂದಿದೆ" ಎಂದೆ. ತಮ್ಮ ಹೊಟ್ಟೆಯ ಮೇಲೆ ಟವಲು ಎಳೆದುಕೊಂಡರು.

ನಮ್ಮೂರ ಆಶಾ ಕಾರ್ಯಕರ್ತೆ ಹುಡುಗಿ ಮಾರನೇ ದಿನವೇ ಬಂದು ಮಗಳನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಹೊಟ್ಟೆಗೆ ಟೇಪು ಹಿಡಿದು ಅಳೆದರು, ತಿಂಗಳಿಗೆ ತಕ್ಕ ಬೆಳವಣಿಗೆ ಇಲ್ಲ ಎಂದರು. ರಕ್ತ ತೀರಾ ಕಡಿಮೆ ಎಂದರು. ಒಡಿಶಾದಿಂದ ಬಂದವಳು ಎಂದು ಗೊತ್ತಾಗುತ್ತಲೇ ಬೆರಳಿಗೆ ಚುಚ್ಚಿ, ರಕ್ತವನ್ನು ಗಾಜಿನ ಮೇಲೆ ಸವರಿ ಮಲೇರಿಯಾ ಹುಳ ಇದೆಯೇ ಎಂದು ನೋಡಿದರು. ಏನೂ ಸಿಗಲಿಲ್ಲ. "ಜ್ವರಾನೂ ಇಲ್ಲ, ಹುಳಾನೂ ಇಲ್ಲ, ಸೊಪ್ಪು ಮೊಟ್ಟೆ ತಿಂದ್ರೆ ಎಲ್ಲಾ ಸರಿಹೋಗುತ್ತೆ" ಎಂದು ಯಜಮಾನರೇ ತೀರ್ಪು ಕೊಟ್ಟರು. ಆದರೆ ಆರೋಗ್ಯ ಕೇಂದ್ರದವರು ಅಷ್ಟಕ್ಕೆ ಬಿಡಲಿಲ್ಲ, ನೆಲಮಂಗಲದ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದು ಕಳಿಸಿದರು.

ನೆಲಮಂಗಲದಲ್ಲಿ ನಮ್ಮನ್ನು ನೋಡಿದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮಾತು ಜೋರು, ನಗು ಜಾಸ್ತಿ. ಸ್ಕ್ಯಾನಿನಲ್ಲಿ ಕೂಸು ಚಿಕ್ಕದಾಗಿದೆ, ಅದಕ್ಕೆ ಹೋಗುವ ರಕ್ತದ ಹರಿವೂ ಕಮ್ಮಿ ಇದೆ ಎಂದು ಕಂಡಿತು. ಆಮೇಲೆ ಅವರು ಮಗಳನ್ನು ಒಡಿಶಾದ ಮನೆ, ಹಳ್ಳ, ಸೊಳ್ಳೆಪರದೆ, ಜ್ವರ ಎಂದು ಒಂದೊಂದಾಗಿ ಕೇಳುತ್ತ ಹೋದರು. ಕೇಳಿ ಮುಗಿಸಿ ಮತ್ತೆ ಬೆರಳಿಗೆ ಚುಚ್ಚಿಸಿದರು. ಗಾಜಿನ ಮೇಲೆ ಈ ಸಲವೂ ಏನೂ ಕಾಣಲಿಲ್ಲ. ಇನ್ನೊಂದು ಹನಿಯನ್ನು ಸಣ್ಣ ಪಟ್ಟಿಯ ಮೇಲೆ ಹಾಕಿದರು. ಬಸುರಿಯೋ ಅಲ್ಲವೋ ಎಂದು ನೋಡುವ ಪಟ್ಟಿ ಇರುತ್ತದಲ್ಲ, ಅದರ ಹಾಗೆಯೇ ಇತ್ತು. ಅದರಲ್ಲಿ ಮಾತ್ರ ತೆಳುವಾಗಿ ಒಂದು ಗೆರೆ ಮೂಡಿತು.

ಡಾಕ್ಟರಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು: "ಅಮ್ಮ, ಇದು ಮಲೇರಿಯಾನೇ. ಅದರಲ್ಲೂ ಕೆಟ್ಟ ಜಾತಿದು. ಪಟ್ಟಿಗೆ ಸಿಕ್ಕಿದ್ದು ಹುಳ ರಕ್ತಕ್ಕೆ ಬಿಟ್ಟ ಅಂಶ. ಹುಳ ಮಾತ್ರ ಬೆರಳಿನ ರಕ್ತದಲ್ಲಿ ಕಾಣಲ್ಲ, ಯಾಕಂದ್ರೆ ಅದು ಅಲ್ಲಿಲ್ಲ. ಎಲ್ಲಾ ಹೋಗಿ ಕಸದಲ್ಲಿ ಅಡಗಿಕೊಂಡಿದೆ. ನಾವು ಮೊದಲು ಅಲ್ಲಿಂದ ಅದನ್ನ ಖಾಲಿ ಮಾಡಿಸ್ಬೇಕು."

ಯಜಮಾನರು ಬಾಗಿಲ ಹತ್ತಿರ ನಿಂತಿದ್ದರು. ಹೆಂಗಸರ ವಿಷಯ ಎಂದು ಒಳಗೆ ಬಂದಿರಲಿಲ್ಲ, ಕಿವಿ ಮಾತ್ರ ಒಳಗೆ ಇಟ್ಟಿದ್ದರು. "ಕಸದಲ್ಲಿ ಅಡಗಿಕೊಂಡಿದೆ" ಅನ್ನುವಷ್ಟನ್ನು ಕೇಳಿಸಿಕೊಂಡರು, ತಲೆ ಆಡಿಸಿದರು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಮಗಳನ್ನು ಅಲ್ಲೇ ಸೇರಿಸಿಕೊಳ್ಳುತ್ತೇವೆ ಎಂದು ನರ್ಸು ಹೇಳುವಷ್ಟರಲ್ಲಿ "ನೀನಿಲ್ಲೇ ಇರು, ಮನೇಲಿ ಕೆಲ್ಸ ಐತೆ" ಎಂದು ನನಗೆ ಹೇಳಿ ಮೊಪೆಡ್ ಹತ್ತಿ ಹೊರಟೇ ಬಿಟ್ಟರು. ಇಂಥ ಹೊತ್ತಿನಲ್ಲಿ ಮನೆಯಲ್ಲಿ ಏನು ಕೆಲಸವೋ ಎಂದು ನನಗೆ ಸಿಟ್ಟು ಬಂತು.

ಅವರು ಹೋದ ಮೇಲೆ ಡಾಕ್ಟರಮ್ಮ ನನಗೂ ಮಗಳಿಗೂ ಬಿಡಿಸಿ ಹೇಳಿದರು. ನನಗೆ ಅರ್ಥವಾದಂತೆ ಬರೆಯುತ್ತೇನೆ. ಸೊಳ್ಳೆ ಕಚ್ಚಿದಾಗ ಮೈಯೊಳಗೆ ಹೋಗುವ ಹುಳ ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ರಕ್ತದ ಕೆಂಪು ಕಣದೊಳಗೆ ಹೊಕ್ಕು ಅಲ್ಲೇ ಮನೆ ಮಾಡುತ್ತದೆ. ಅಂಥ ಕಣ ರಕ್ತದ ಜೊತೆ ಊರೆಲ್ಲ ಸುತ್ತುತ್ತಿದ್ದರೆ ಹೊಟ್ಟೆಯ ಎಡಗಡೆ ಇರುವ ಗುಲ್ಮ ಅದನ್ನು ಹಿಡಿದು ಸೋಸಿಹಾಕುತ್ತದೆ. ಅದಕ್ಕೇ ಈ ಕೆಟ್ಟ ಜಾತಿಯ ಹುಳ ತಾನು ಹೊಕ್ಕ ಕಣದ ಮೈಯನ್ನು ಅಂಟಂಟು ಮಾಡಿಬಿಡುತ್ತದೆ, ಎಲ್ಲಾದರೂ ಮೂಲೆಯಲ್ಲಿ ಅಂಟಿಕೊಂಡು ಕೂತರೆ ಸೋಸುವವರ ಕೈಗೆ ಸಿಗುವುದಿಲ್ಲ. ಬಸುರಿಯ ಮೈಯಲ್ಲಿ ಹೊಸದೊಂದು ಜಾಗ ಹುಟ್ಟಿಕೊಂಡಿರುತ್ತದೆ. ಅದೇ ಕಸ. ಡಾಕ್ಟರುಗಳು ಮಾಸು ಅನ್ನುತ್ತಾರೆ. ಕೂಸಿಗೆ ತಾಯಿಯ ರಕ್ತದಿಂದ ಅನ್ನ, ಉಸಿರು ಎಲ್ಲ ಹೋಗುವುದು ಅದರ ಮೂಲಕವೇ. ಹೆರಿಗೆಯಾದ ಮೇಲೆ ಬೀಳುತ್ತದಲ್ಲ, ಅದು. ಆ ಕಸದ ಗೋಡೆಗೆ ಅಂಟುವುದಕ್ಕೆಂದೇ ಈ ಹುಳದ ಹತ್ತಿರ ಬೇರೆ ವೇಷ ಇದೆಯಂತೆ.

"ಹಂಗಾದ್ರೆ ಇವ್ಳಿಗೆ ಜ್ವರ ಯಾಕಿಲ್ಲ?" ಎಂದು ಕೇಳಿದೆ.

"ಅಲ್ಲಿದ್ದಾಗ ಎಷ್ಟೋ ಸಲ ಜ್ವರ ಬಂದು ಇವಳ ಮೈಗೆ ಆ ಹುಳದ ಹಳೇ ವೇಷದ ಪರಿಚಯ ಆಗಿದೆ ಅಮ್ಮ. ಸ್ವಲ್ಪ ಕುಣಿದ್ರೆ ಮೈ ಹಿಡಿದು ಕೂರಿಸುತ್ತೆ. ಆದ್ರೆ ಕಸಕ್ಕೆ ಅಂಟೋ ವೇಷ ಇವಳ ಮೈ ನೋಡಿಲ್ಲ. ಇದು ಚೊಚ್ಚಲ ಬಸುರು ತಾನೇ? ಅದಕ್ಕೇ ಚೊಚ್ಚಲಲ್ಲೇ ಜಾಸ್ತಿ ತೊಂದರೆ ಕೊಡೋದು. ಮುಂದಿನ ಬಸುರಿನ ಹೊತ್ತಿಗೆ ಮೈ ಒಂಚೂರು ಕಲಿತಿರುತ್ತೆ. ಆದ್ರೂ ಆಗ್ಲೂ ಸೊಳ್ಳೆಪರದೆ ಬಿಡೋ ಹಾಗಿಲ್ಲ."

"ಮುಂದಿಂದು ಆಮೇಲೆ. ಈಗ ಒಳಗಿರೋದಕ್ಕೆ?" ಎಂದಳು ಮಗಳು. ಅವಳ ಕೈ ಹೊಟ್ಟೆಯ ಮೇಲಿತ್ತು.

ಡಾಕ್ಟರಮ್ಮ ಆಗ ನಗಲಿಲ್ಲ. ಹುಳ ಅಂಟಿದ ಕಡೆಗೆ ಮೈಯ ಕಾವಲುಗಾರರೂ ಬಂದು ಜಮಾಯಿಸುತ್ತಾರಂತೆ, ಕಸ ಊದಿಕೊಂಡು ಗೋಡೆ ದಪ್ಪವಾಗುತ್ತದಂತೆ, ಕೂಸಿಗೆ ಹೋಗಬೇಕಾದದ್ದು ಸರಿಯಾಗಿ ದಾಟುವುದಿಲ್ಲವಂತೆ. ತಾಯಿಗೆ ರಕ್ತ ಕಡಿಮೆ, ಕೂಸು ಸೊರಗುತ್ತದೆ, ದಿನ ತುಂಬುವ ಮೊದಲೇ ಹುಟ್ಟಿಬಿಡಬಹುದು. ನಮ್ಮ ತೋಟದ ಡ್ರಿಪ್ ಪೈಪು ನನಗೆ ನೆನಪಾಯಿತು. ಮೋಟಾರು ಓಡುತ್ತಲೇ ಇರುತ್ತದೆ, ಟ್ಯಾಂಕಿನಲ್ಲಿ ನೀರೂ ಇರುತ್ತದೆ, ಆದರೆ ಕೊನೆಯ ಸಸಿಯ ಬುಡದ ತೂತಿನಲ್ಲಿ ಹೂಳು ಕಟ್ಟಿಕೊಂಡು ಅದು ಒಣಗಿ ನಿಂತಿರುತ್ತದೆ. "ಮಾತ್ರೆಗೆ ಹುಳ ಸಾಯುತ್ತೆ" ಎಂದರು ಡಾಕ್ಟರಮ್ಮ. "ಆದ್ರೆ ಆಗ್ಲೇ ಆಗಿರೋ ಹಾನಿ ಒಂದೇ ಸಲಕ್ಕೆ ಹೋಗಲ್ಲ. ಕೂಸನ್ನ ಎಷ್ಟು ದಿನ ಒಳಗೆ ಉಳಿಸ್ಕೋತೀವೋ ಅಷ್ಟು ಲಾಭ. ಕಾಯೋಣ."

ಆ ಮಾತ್ರೆ ಮೂರು ದಿನದ್ದು. ನರ್ಸು ಎದುರಿಗೇ ನಿಂತು ನುಂಗಿಸುತ್ತಿದ್ದಳು. ಒಡಿಶಾದ ಡಬ್ಬಿಯ ಕತೆ ಅವಳಿಗೂ ಗೊತ್ತಾಗಿತ್ತು.

ಸಾಯಂಕಾಲ ಯಜಮಾನರು ವಾಪಸ್ಸು ಬಂದರು. ಏನು ವೇಷ! ಮುಖಕ್ಕೆಲ್ಲ ಮಸಿ, ಕೂದಲಲ್ಲಿ ಜೇಡರ ಬಲೆ, ಮೈಯೆಲ್ಲ ಸಗಣಿ ವಾಸನೆ. ಯುದ್ಧ ಗೆದ್ದವರ ಹಾಗೆ ಎದೆ ಉಬ್ಬಿಸಿಕೊಂಡು ವಾರ್ಡಿನ ಒಳಗೇ ಬಂದರು. ಈಗ ಹೆಂಗಸರ ವಿಷಯ ಎಂಬ ನಾಚಿಕೆಯೂ ಇರಲಿಲ್ಲ.

"ಡಾಕ್ಟ್ರಮ್ಮ, ಇನ್ನೇನೂ ಹೆದರ್ಬ್ಯಾಡಿ. ಕಸ ಎಲ್ಲಾ ಖಾಲಿ ಮಾಡ್ಸಿದ್ದೀನಿ!"

ಡಾಕ್ಟರಮ್ಮ ಕೈಯಲ್ಲಿದ್ದ ಪೆನ್ನು ಹಾಗೇ ಹಿಡಿದು ನಿಂತರು. "ಯಾವ ಕಸ ತಾತ?"

"ಮನೆ ಕಸ ಕಣ್ರಮ್ಮ! ಹಿತ್ಲಲ್ಲಿ ಬಿದ್ದಿದ್ದ ತೆಂಗಿನ ಚಿಪ್ಪು, ಹಳೇ ಟೈರು, ಒಡೆದ ಮಡಕೆ, ಎಲ್ಲಾ ಎತ್ತಿ ಸಾಗಿಸ್ಬಿಟ್ಟೆ. ನಮ್ಮಪ್ಪನ ಕಾಲದ ತಿಪ್ಪೇನ ಬುಡ ಸಮೇತ ತೋಟಕ್ಕೆ ಹಾಕ್ದೆ. ಒಂದು ಹುಳ ಅಡಗೋಕೆ ಜಾಗ ಇದ್ರೆ ನನ್ ಕಿವಿ ಹಿಡೀರಿ!"

ನನಗೆ ನಗು ಬಂದು ಸೆರಗು ಬಾಯಿಗೆ ಅಡ್ಡ ಹಿಡಿದೆ. "ರೀ, ನಿಮ್ಮ ಗೌರಿ ಹಸು ಕರು ಹಾಕ್ದಾಗ ಹಸು ಹಿಂದೆ ಕಾಯ್ಕೊಂಡು ಕೂರ್ತೀರಲ್ಲ, ಕಸ ಬಿತ್ತಾ, ಕಸ ಬಿತ್ತಾ ಅಂತ? ಅದು ತಿಪ್ಪೇನಾ?" ಎಂದೆ.

ಅವರು ಟವಲಿನಿಂದ ಮುಖದ ಮಸಿ ಒರೆಸಿಕೊಂಡರು. ಹಸುವಿನ ಕಸವನ್ನು ನೆಲಕ್ಕೆ ತಾಗಿಸದೆ ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟಿ ಬರುವವರು ಇವರೇ. ಹಾಗೆ ಕಟ್ಟಿದರೆ ಹಾಲು ಜಾಸ್ತಿ ಎಂದು ಊರಿಗೆಲ್ಲ ಹೇಳುವವರೂ ಇವರೇ. "ಮನುಷ್ಯರಿಗೂ ಅದೇ ಮಾತು ಅಂತ ನಂಗೇನು ಗೊತ್ತು? ಮಲೇರಿಯಾ ಅಂದ್ರು, ಕಸ ಅಂದ್ರು. ಪಂಚಾಯ್ತಿಯೋರು ಆಟೋದಲ್ಲಿ ಮೈಕು ಕಟ್ಕೊಂಡು ಕೂಗೋದೂ ಅದನ್ನೇ ಅಲ್ವೇನೇ?" ಎಂದು ಗೊಣಗಿದರು.

ಮಗಳು ನಕ್ಕಳು. ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. "ಅಪ್ಪಾ, ನಗಿಸ್ಬೇಡ, ಪಾಪು ಒದೀತಿದೆ" ಎಂದಳು. ಊರಿಗೆ ಬಂದ ಮೇಲೆ ಅವಳು ನಕ್ಕಿದ್ದು ಅವತ್ತೇ ಮೊದಲು. ಡಾಕ್ಟರಮ್ಮ "ಒದೀತಿದೆಯಾ? ಒದೀಲಿ ಒದೀಲಿ, ತಾತಂಗೆ ಇನ್ನೊಂದಷ್ಟು ಕಸ ಗುಡಿಸೋಕೆ ಹೇಳಿ" ಎಂದರು. ಆಮೇಲೆ ಅವರನ್ನೇ ಸಮಾಧಾನ ಮಾಡಿದರು: "ಚಿಪ್ಪು ಟೈರು ತೆಗೆದಿದ್ದು ಒಳ್ಳೇದೇ ಆಯ್ತು ತಾತ, ಅದರಲ್ಲಿ ಡೆಂಗಿ ಸೊಳ್ಳೆ ಬೆಳೀತದೆ. ಮಲೇರಿಯಾ ಸೊಳ್ಳೆಗೆ ಬೇಕಾಗಿರೋದು ನಿಂತಿರೋ ತಿಳಿನೀರು. ದನ ನೀರು ಕುಡಿಯೋ ತೊಟ್ಟಿ ಇದೆಯಾ ಮನೇಲಿ?"

"ಐತೆ."

"ಅದನ್ನ ಖಾಲಿ ಮಾಡಿದ್ರಾ?"

ಮಾಡಿರಲಿಲ್ಲ. ಇಡೀ ಹಿತ್ತಲಲ್ಲಿ ಅದೊಂದನ್ನೇ ಮುಟ್ಟಿರಲಿಲ್ಲ. ಆ ತೊಟ್ಟಿಯ ಮಾತು ಎತ್ತಿದರೆ ಈಗಲೂ ಅವರು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಾರೆ.

ಮಾತ್ರೆ ಮುಗಿದ ಮೇಲೆ ಮಗಳನ್ನು ಮನೆಗೆ ಕಳಿಸಿದರು. ರಕ್ತ ಹೆಚ್ಚಲು ಔಷಧಿ, ಆಗಾಗ ಸ್ಕ್ಯಾನು, ಬೆರಳಿಗೆ ಚುಚ್ಚುವುದು ನಡೆದೇ ಇತ್ತು. ಆಶಾ ಹುಡುಗಿ ಬಂದು ನಮಗೂ, ಸುತ್ತಲಿನ ಮನೆಯವರಿಗೂ ಜ್ವರ ಇದೆಯಾ ಎಂದು ವಿಚಾರಿಸಿ ಹೋದಳು. ಇಲ್ಲಿನ ಸೊಳ್ಳೆ ಮಗಳನ್ನು ಕಚ್ಚಿ ಇನ್ನೊಬ್ಬರನ್ನು ಕಚ್ಚಿದರೆ ಅವರಿಗೂ ಬರಬಹುದಂತೆ. ಯಜಮಾನರು ದಿನಕ್ಕೊಂದು ಸಲ ತೊಟ್ಟಿ ತೊಳೆಯುವುದಕ್ಕೆ ಶುರುಮಾಡಿದರು. ಹಸು ನೀರು ಕುಡಿಯಲು ಮೂತಿ ಇಟ್ಟಿದ್ದರೂ ಸರಿಸಿ ತೊಳೆಯುತ್ತಿದ್ದರು. ಕೂಸು ಸ್ವಲ್ಪ ಸ್ವಲ್ಪ ಬೆಳೆಯುತ್ತಿತ್ತು. ಸ್ಕ್ಯಾನು ಮಾಡಿದಾಗೆಲ್ಲ ಡಾಕ್ಟರಮ್ಮ ಪರವಾಗಿಲ್ಲ ಅನ್ನುವರು, ಅದಕ್ಕಿಂತ ಹೆಚ್ಚು ಏನೂ ಹೇಳುತ್ತಿರಲಿಲ್ಲ.

ಆಗ ಯಜಮಾನರಿಗೆ ಇನ್ನೊಂದು ಯೋಚನೆ ಹತ್ತಿತು. ನಮ್ಮ ಮನೆಯಲ್ಲಿ ಹೆರಿಗೆಯಾದರೆ ಕಸವನ್ನು ಹಿತ್ತಲಲ್ಲಿ ಹೂತು ಮೇಲೆ ತೆಂಗಿನ ಸಸಿ ನೆಡುವುದು ಹಿಂದಿನಿಂದ ಬಂದ ಪದ್ಧತಿ. ಅವರ ಮರ, ನಮ್ಮ ಮಗಳ ಮರ, ಎರಡೂ ಈಗಲೂ ಕಾಯಿ ಬಿಡುತ್ತಿವೆ. ಈ ಕೂಸಿಗೆ ಅಂತ ಅವರು ಆಗಲೇ ಸಸಿ ತಂದು ಗೋಣಿಚೀಲ ಹೊದಿಸಿ ಇಟ್ಟಿದ್ದರು. ಡಾಕ್ಟರಮ್ಮ ಕೇಳಿ "ಕಸ ನನಗೆ ಬೇಕು ತಾತ. ಅದನ್ನ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಒಳಗೆ ಏನಾಗಿತ್ತು, ಔಷಧಿ ಕೆಲಸ ಮಾಡ್ತೋ ಇಲ್ವೋ ಎಲ್ಲಾ ಗೊತ್ತಾಗುತ್ತೆ. ಕೂಸನ್ನ ಹೇಗೆ ನೋಡ್ಕೋಬೇಕು ಅನ್ನೋದೂ ಗೊತ್ತಾಗುತ್ತೆ" ಎಂದರು. ಕೂಸಿಗೆ ಒಳ್ಳೆಯದು ಅಂದ ಮೇಲೆ ಮಾತೇ ಇಲ್ಲ. "ತಗೊಳ್ಳಿ, ಇಡೀ ಕಸಾನೇ ತಗೊಳ್ಳಿ" ಎಂದರು, ತಮ್ಮ ಗದ್ದೆಯನ್ನು ಬರೆದುಕೊಟ್ಟವರ ಹಾಗೆ.

ದಿನ ತುಂಬುವುದಕ್ಕೆ ಇನ್ನೂ ಕೆಲವು ವಾರ ಇರುವಾಗಲೇ ಒಂದು ಮುಂಜಾನೆ ಮಗಳಿಗೆ ನೋವು ಬಂತು. ಆಸ್ಪತ್ರೆಗೆ ಓಡಿದೆವು. ನಾನು ಒಳಗೆ ಹೋದೆ, ಯಜಮಾನರು ಹೊರಗೆ ಉಳಿದರು. ಹೊರಗೆ ನಡೆದದ್ದು ನನಗೆ ಆಮೇಲೆ ಗೊತ್ತಾಯಿತು. ಒಳಗಿನ ಕಸವನ್ನು ಯಾರಾದರೂ ತಪ್ಪಿ ಬಿಸಾಕಿಬಿಟ್ಟರೆ ಎಂಬ ಭಯಕ್ಕೆ, ಅವರು ಕಂಡ ಕಂಡವರಿಗೆಲ್ಲ ಹೇಳುತ್ತಿದ್ದರಂತೆ. ಮೊದಲು ಸಿಕ್ಕಿದವರೇ ವಾರ್ಡು ಗುಡಿಸುವ ಹೆಂಗಸು.

"ತಾಯಿ, ಇವತ್ತು ಕಸ ಬಿಸಾಕ್ಬ್ಯಾಡಿ. ಡಾಕ್ಟ್ರಮ್ಮಂಗೆ ಬೇಕಂತೆ."

"ಯಾವ್ ಕಸ ಯಜಮಾನ್ರೆ?"

"ಎಲ್ಲಾ ಕಸಾನೂ. ಒಂಚೂರೂ ಹೋಗ್ಬಾರ್ದು. ಪರೀಕ್ಷೆ ಮಾಡ್ತಾರಂತೆ."

ಪಾಪ ಆ ಹೆಂಗಸು ಪೊರಕೆ ಮೂಲೆಗೆ ಇಟ್ಟು ಕೂತುಬಿಟ್ಟಳು. ಡಾಕ್ಟರಮ್ಮ ಹೊರಗೆ ಬರುವಷ್ಟರಲ್ಲಿ ಬಾಳೆಹಣ್ಣಿನ ಸಿಪ್ಪೆ, ಕಾಫಿ ಲೋಟ, ಹತ್ತಿ, ಕಾಗದ ಎಲ್ಲ ತುಂಬಿದ ಬುಟ್ಟಿಗಳು ಬಾಗಿಲಲ್ಲಿ ಸಾಲಾಗಿ ಕಾದು ನಿಂತಿದ್ದವಂತೆ.

ಒಳಗೆ ನಮಗೆ ಅಷ್ಟು ನಗುವ ಹೊತ್ತಲ್ಲ. ಕೂಸು ಹೊರಗೆ ಬಂತು, ಹೆಣ್ಣು. ಒಂದು ಗಳಿಗೆ ಸದ್ದಿಲ್ಲ. ಮೈ ಒರೆಸಿ ಉಜ್ಜಿದ ಮೇಲೆ ಆ ಬೆಕ್ಕಿನ ಮರಿಯ ಮಿಯಾವ್. ನಾನು ನೋಡಿದೆ. ನನ್ನ ಮೊಣಕೈಯಿಂದ ಅಂಗೈವರೆಗೆ ಮುಗಿದುಹೋಯಿತು ಅವಳ ಉದ್ದ. ತೊಡೆಯ ಮೇಲೆ ಮಾಂಸವಿಲ್ಲ, ಚರ್ಮ ಸಡಿಲ, ಮುದುಕಿಯ ಮುಖ. ತೂಕ ಎರಡು ಕೇಜಿಗೂ ಕಮ್ಮಿ. ಕಸ ಬಿತ್ತು. ನನ್ನ ಕಾಲದಲ್ಲಿ ನಾನು ಎಷ್ಟೋ ಹೆರಿಗೆ ನೋಡಿದ್ದೇನೆ, ಕೆಂಪಾಗಿ ಮಿರಿಮಿರಿ ಅನ್ನುವ ಕಸ ನೋಡಿದ್ದೇನೆ. ಇದು ಚಿಕ್ಕದು, ನನ್ನ ಕಣ್ಣಿಗೆ ಹೊಗೆ ಹಿಡಿದ ಹಾಗೆ ಕಪ್ಪಾಗಿ ಕಂಡಿತು. "ಬರಿಗಣ್ಣಿಗೆ ಹೇಳಕ್ಕಾಗಲ್ಲ ಅಮ್ಮ" ಎಂದರು ಡಾಕ್ಟರಮ್ಮ. ಹೊಕ್ಕಳುಬಳ್ಳಿಯಿಂದ ರಕ್ತ ತೆಗೆದುಕೊಂಡರು. ಕೂಸಿನ ಹಿಮ್ಮಡಿಗೂ ಚುಚ್ಚಿದರು. ಅಷ್ಟು ಸಣ್ಣ ಹಿಮ್ಮಡಿ!

ಯಜಮಾನರಿಗೆ ತೋರಿಸಿದಾಗ ಅವರು ಒಂದು ಬೆರಳಿನಿಂದ ಕೂಸಿನ ಕಾಲು ಮುಟ್ಟಿದರು. ಆಮೇಲೆ "ನಮ್ ಸೋರೆಕಾಯಿ ಇದಕ್ಕಿಂತ ದಪ್ಪ ಬರುತ್ತಲ್ಲೇ" ಎಂದರು. ತಮಾಷೆಗೆ ಹೇಳಿ, ಟವಲಿನಿಂದ ಕಣ್ಣು ಒರೆಸಿಕೊಂಡರು.

ಅಳಿಯ ರೈಲು ಹತ್ತಿದ್ದ, ಬರುವುದಕ್ಕೆ ಇನ್ನೂ ಹೊತ್ತಿತ್ತು. ಕೂಸು ಬೆಚ್ಚಗಿರಬೇಕು, ಇಲ್ಲದಿದ್ದರೆ ಇಷ್ಟು ಸಣ್ಣ ಮೈ ತಣ್ಣಗಾಗಿಬಿಡುತ್ತದೆ ಎಂದು ನರ್ಸು ಹೇಳಿಕೊಟ್ಟಳು. ಬರೀ ಲಂಗೋಟಿ, ಟೋಪಿ, ಕಾಲುಚೀಲ ಹಾಕಿ ಕೂಸನ್ನು ತಾಯಿಯ ಬರಿಯೆದೆಗೆ ಆನಿಸಿ ಬಟ್ಟೆಯಲ್ಲಿ ಕಟ್ಟುವುದು. ತಾಯಿಯ ಮೈ ಬಿಸಿಯೇ ಕೂಸಿಗೆ ಹೊದಿಕೆ. ಹಾಲೂ ಅಲ್ಲೇ. ಹಾಲಿನಲ್ಲಿ ಹುಳ ಹೋದರೆ ಎಂದು ನಾನು ಹೆದರಿದ್ದೆ. ಹಾಲಿನಲ್ಲಿ ಹೋಗುವುದಿಲ್ಲ, ರಕ್ತದಲ್ಲಿ ಮಾತ್ರ, ಧೈರ್ಯವಾಗಿ ಕುಡಿಸಿ ಎಂದರು ಡಾಕ್ಟರಮ್ಮ. ಆದರೆ ಒಂದು ಮಾತನ್ನು ಒತ್ತಿ ಹೇಳಿದರು: ಬಸುರಲ್ಲೇ ಹುಳ ಕಸ ದಾಟಿ ಕೂಸಿನ ರಕ್ತಕ್ಕೆ ಹೋಗಿರುವುದೂ ಉಂಟು, ಅದು ಹುಟ್ಟಿದಾಗ ಕಾಣದೆ ಕೆಲವು ದಿನ, ಕೆಲವು ವಾರ ಆದ ಮೇಲೆ ಕಾಣಿಸಿಕೊಳ್ಳಬಹುದು. ಮೈ ಬಿಸಿಯಾದರೆ, ಹಾಲು ಬಿಟ್ಟರೆ, ಹಳದಿಯಾದರೆ, ಬಿಳಿಚಿಕೊಂಡರೆ ತಡಮಾಡದೆ ಬರಬೇಕು. ಮೊದಲ ಪರೀಕ್ಷೆಯಲ್ಲಿ ಕೂಸಿನ ರಕ್ತದಲ್ಲಿ ಹುಳ ಇರಲಿಲ್ಲ. ಆದರೆ ಬೆರಳಿನ ರಕ್ತ ಇಲ್ಲ ಎಂದದ್ದನ್ನು ನಂಬಿದರೆ ಏನಾಗುತ್ತದೆ ಎಂದು ನಾವು ಒಂದು ಸಲ ನೋಡಿದ್ದೆವಲ್ಲ.

ಮಗಳಿಗೆ ಬೆನ್ನು ನೋವು ಬರುತ್ತಿತ್ತು, ಬೇರೆಯವರೂ ಹೀಗೆ ಎದೆಗೆ ಕಟ್ಟಿಕೊಳ್ಳಬಹುದು ಎಂದರು. "ನಂಗ್ ಕೊಡ್ರಿ" ಎಂದು ಯಜಮಾನರು ಅಂಗಿ ಬಿಚ್ಚಿಯೇ ಬಿಟ್ಟರು. ಅವರ ಎದೆಯ ಮೇಲಿನ ರೋಮ ನೋಡಿ ನರ್ಸಿಗೂ ನಗು. "ತಾತ, ನಿಮ್ದು ಕಂಬಳಿ ಹೊದ್ದಂಗಿದೆ!" ಎಂದಳು. ಕೂಸು ಆ ಕಂಬಳಿಯೊಳಗೆ ಮುಖ ಹುದುಗಿಸಿ ನಿದ್ದೆ ಹೋಯಿತು. ಅವರು ಮಾತ್ರ ಅಲುಗಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ.

ಸ್ವಲ್ಪ ದಿನಕ್ಕೆ ಕಸದ ಪರೀಕ್ಷೆಯ ಉತ್ತರ ಬಂತು. ಒಳಗೆಲ್ಲ ಹುಳ ಬಿಟ್ಟುಹೋದ ಕಪ್ಪು ಕಂದು ಪುಡಿ ಸಿಕ್ಕಿಕೊಂಡಿತ್ತಂತೆ, ಒಲೆಯಲ್ಲಿ ಉಳಿದ ಮಸಿಯ ಹಾಗೆ. ಜೀವವಿರುವ ಹುಳ ಒಂದೂ ಇಲ್ಲ. "ಮಾತ್ರೆ ಕೆಲಸ ಮಾಡಿದೆ. ಅಲ್ಲಿ ಅದು ಸಂಸಾರ ಹೂಡಿದ್ದೂ ನಿಜ, ಖಾಲಿಯಾಗಿದ್ದೂ ನಿಜ" ಎಂದರು ಡಾಕ್ಟರಮ್ಮ. ಕೂಸು ಚಿಕ್ಕದಾದದ್ದು ಯಾಕೆ ಎಂದು ಈಗ ಕಣ್ಣಾರೆ ಕಂಡ ಹಾಗಾಯಿತು. ಹಾಲು ಕುಡಿಯುತ್ತ ಅವಳ ತೂಕ ಏರಲು ಶುರುವಾದ ಮೇಲೆ ನಮ್ಮನ್ನು ಮನೆಗೆ ಕಳಿಸಿದರು.

ಮನೆಯಲ್ಲಿ ಒಂದು ಮಧ್ಯಾಹ್ನ ನಾನು ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದೆ. ಕೋಣೆಯಿಂದ ಯಜಮಾನರ ಕೂಗು: "ಲೇ, ಬಾರೇ! ಕೂಸಿನ ಮೈ ಕಾದ ಹೆಂಚಾಗೈತೆ!" ಓಡಿದೆ. ಕೂಸಿನ ಮುಖ ಕೆಂಪು, ನೆತ್ತಿ ಬಿಸಿ, ಹಾಲಿಗೆ ಬಾಯಿ ತೆರೆಯಲೊಲ್ಲದು. ಮಗಳು ಒದ್ದೆ ಕೂದಲಲ್ಲೇ ಬಂದು ಬಾಗಿಲಿಗೆ ಒರಗಿ ನಿಂತಳು. ಅಷ್ಟು ದಿನ ಯಾವುದಕ್ಕೆ ಹೆದರಿದ್ದೆವೋ ಅದೇ ಬಂತು ಅನ್ನಿಸಿತು.

ಅಳಿಯ ಅಷ್ಟು ಹೊತ್ತಿಗೆ ಊರಲ್ಲೇ ಇದ್ದ. ಆಟೋ ತಂದ. ಆಟೋದ ಗಾಳಿಗೆ ದಾರಿಯಲ್ಲೇ ಕೂಸು ಸ್ವಲ್ಪ ತಣ್ಣಗಾದ ಹಾಗಾಯಿತು, ಆದರೂ ನಾವು ನಿಲ್ಲಿಸಲಿಲ್ಲ. ಡಾಕ್ಟರಮ್ಮ ಥರ್ಮಾಮೀಟರು ಇಟ್ಟರು, ಎದೆಗೆ ಕೊಳವೆ ಹಿಡಿದರು, ಹೊಟ್ಟೆ ಒತ್ತಿ ನೋಡಿದರು, ಮತ್ತೆ ಆ ಸಣ್ಣ ಹಿಮ್ಮಡಿಗೆ ಚುಚ್ಚಿಸಿದರು. ಆಮೇಲೆ ಯಜಮಾನರ ಕಡೆ ತಿರುಗಿದರು.

"ತಾತ, ಕೂಸು ನಿಮ್ಮ ಎದೆ ಮೇಲಿತ್ತಾ?"

"ಹೂಂ ಕಣಮ್ಮ."

"ಮೇಲೆ ಏನು ಹೊದ್ದಿದ್ರಿ?"

"ಒಂದು ಶಾಲು."

"ಅಷ್ಟೇನಾ?"

"ಅದರ ಮೇಲೆ ಕಂಬಳಿ. ಕಿಟಕಿ ಬಾಗ್ಲು ಹಾಕಿದ್ದೆ. ಮಗೂಗೆ ಗಾಳಿ ತಾಗ್ಬಾರ್ದಲ್ಲ. ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಕೊಂಡಿದ್ದೆ."

"ಏಪ್ರಿಲ್ ಬಿಸಿಲಲ್ಲಿ?"

ಯಜಮಾನರು ಛಾವಣಿ ನೋಡಿದರು. ನಾನು ಅವರನ್ನೇ ನೋಡಿದೆ. ಕೂಸನ್ನು ರೊಟ್ಟಿ ಬೇಯಿಸಿದ ಹಾಗೆ ಬೇಯಿಸಿಬಿಟ್ಟಿದ್ದರು ಮಹಾನುಭಾವರು! ಆದರೂ ಡಾಕ್ಟರಮ್ಮ ತಮಾಷೆ ಮಾಡಿ ಕಳಿಸಲಿಲ್ಲ. "ಕಂಬಳಿಯಿಂದ ಇರಬಹುದು. ಆದ್ರೆ ಈ ಕೂಸಿನ ವಿಷಯದಲ್ಲಿ ನಾನು ಇರಬಹುದು ಅಂತ ಬಿಡಲ್ಲ. ಹೊಗೆ, ಕೆಂಡ ಇವೆಲ್ಲ ಕೂಸಿನ ಹತ್ತಿರ ಬೇಡ" ಎಂದು ಹೇಳಿ, ರಕ್ತ ನೋಡುವವರೆಗೆ ಅಲ್ಲೇ ಕೂರಿಸಿಕೊಂಡರು. ಆ ಬೆಂಚಿನ ಮೇಲೆ ನಾವು ನಾಲ್ಕು ಜನ ಸಾಲಾಗಿ ಕೂತಿದ್ದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಧ್ಯೆ ಕೂಸು ಕಣ್ಣು ಬಿಟ್ಟು ಫ್ಯಾನು ನೋಡಿತು, ಆಮೇಲೆ ಮಗಳ ಸೆರಗಿಗೆ ಬಾಯಿ ಹಾಕಿತು. ಹಾಲು ಹಿಡಿಯಿತು. ಚಪ್ಪರಿಸುವ ಸದ್ದು ಎಷ್ಟು ಜೋರಾಗಿತ್ತೆಂದರೆ ಎದುರು ಬೆಂಚಿನ ಮುದುಕಿ ಕೂಡ ನಕ್ಕಳು.

ರಕ್ತ ಶುದ್ಧವಾಗಿತ್ತು. ಜ್ವರವೂ ಇಳಿದಿತ್ತು. ಆಮೇಲೂ ಡಾಕ್ಟರಮ್ಮ ಕೆಲವು ತಿಂಗಳು ಕರೆಸಿ ಕರೆಸಿ ಹಿಮ್ಮಡಿ ಚುಚ್ಚಿಸಿದರು, ತೂಕ ನೋಡಿದರು, ರಕ್ತ ಕಮ್ಮಿ ಇದೆ ಎಂದು ಹನಿ ಔಷಧಿ ಬರೆದುಕೊಟ್ಟರು. ಕೊನೆಗೆ ಒಂದು ದಿನ ತೂಕದ ತಟ್ಟೆಯ ಮೇಲೆ ಮಲಗಿಸಿದರೆ ಇವಳು ಕೈಕಾಲು ಬಡಿದು ಡಾಕ್ಟರಮ್ಮನ ಕನ್ನಡಕ ಕಿತ್ತುಕೊಂಡಳು. "ಇನ್ನು ಮಲೇರಿಯಾಕ್ಕೆ ಅಂತ ಚುಚ್ಚೋದು ಬೇಡ ಅಮ್ಮ, ಇವಳು ದಾಟಿಬಿಟ್ಟಳು" ಎಂದರು ಕನ್ನಡಕ ಬಿಡಿಸಿಕೊಳ್ಳುತ್ತ. "ಒಡಿಶಾಕ್ಕೆ ಹೋಗೋ ಮಾತಿದ್ರೆ ಮಾತ್ರ ಮೊದಲು ನನ್ನ ಹತ್ರ ಬನ್ನಿ." ನಾನು ಅಲ್ಲೇ, ಎಲ್ಲರೆದುರಿಗೇ, ಆ ಎಳೆ ಡಾಕ್ಟರಮ್ಮನ ಕೆನ್ನೆಗೆ ಕೈಯಿಟ್ಟು ದೃಷ್ಟಿ ತೆಗೆದು ಲಟಿಕೆ ಮುರಿದೆ. ಎಷ್ಟು ಲಟಿಕೆ ಬಂದವೋ!

ಅವತ್ತು ಸಾಯಂಕಾಲವೇ ಯಜಮಾನರು ತೆಂಗಿನ ಸಸಿ ನೆಟ್ಟರು. ಬುಡದಲ್ಲಿ ಹೂಳುವುದಕ್ಕೆ ಕಸ ಇರಲಿಲ್ಲ, ಅದು ಡಾಕ್ಟರಮ್ಮನ ಪಾಲಾಗಿತ್ತಲ್ಲ. ಎಲ್ಲಿ ನೆಡುವುದು ಎಂದು ಹಿತ್ತಲೆಲ್ಲ ಸುತ್ತಿ, ಅವರೇ ಎತ್ತಿ ಖಾಲಿ ಮಾಡಿದ ತಿಪ್ಪೆಯ ಜಾಗವನ್ನು ಆರಿಸಿದರು. "ನಾನು ಗುಡಿಸಿದ್ ಕಸಾನೂ ಕಸಾನೇ ಕಣೇ" ಎಂದರು ನನ್ನ ಕಡೆ ನೋಡದೆ. ಅಲ್ಲಿ ಎಂಥ ಮಣ್ಣು! ಎಷ್ಟು ವರ್ಷದ ಗೊಬ್ಬರ! ಸಸಿ ಆಗಲೇ ಹೊಸ ಗರಿ ಬಿಟ್ಟಿದೆ. ಅಂದಿನಿಂದ ಅವರು ಮೊಮ್ಮಗಳನ್ನು ಕರೆಯುವುದೇ ತಿಪ್ಪೆ ರಾಣಿ ಎಂದು. ಮಗಳಿಗೆ ಸಿಟ್ಟು, ಅಳಿಯನಿಗೆ ನಾಚಿಕೆ. ಕೂಸಿಗೆ ಮಾತ್ರ ಆ ಹೆಸರು ಕೇಳಿದರೆ ಬೊಚ್ಚುಬಾಯಿ ಕಿವಿಯವರೆಗೆ ಹೋಗುತ್ತದೆ.

ಇಗೋ, ಎದ್ದಳು. ಅಳು ಶುರುವಾಯಿತು. ತೋಟದ ಕೊನೆಯಿಂದ ತಾತ ಓಡಿಬರುತ್ತಿದ್ದಾರೆ, ದಾರಿಯಲ್ಲಿ ದನದ ತೊಟ್ಟಿಗೆ ಒಂದು ಸಲ ಇಣುಕಿ.